ನಾಲ್ಕು ಪುಟಗಳಲ್ಲಿ ಕಾಣದ ಒಂದು ಸಾಲು: ಒಂದು ತುರ್ತು ವಿಮರ್ಶೆಯ ಪ್ರಕರಣ ಅಧ್ಯಯನ

ಪೇಪರ್ ನಾಲ್ಕು ಪುಟದ್ದು. ಐದನೆಯ ಪುಟದಲ್ಲಿ ಉಲ್ಲೇಖಗಳಿಗೆ ಮಾತ್ರ ಜಾಗ, ಅನುಬಂಧಕ್ಕೆ ಅವಕಾಶವಿಲ್ಲ. ಮಾತನ್ನು ಗುರುತಿಸುವ ತಂತ್ರಜ್ಞಾನದ ಸಮ್ಮೇಳನಗಳಲ್ಲಿ ಇದು ಹೊಸದಲ್ಲ. ಮೊದಲು ಒಪ್ಪಿಕೊಂಡಿದ್ದ ವಿಮರ್ಶಕರೊಬ್ಬರು ಕೊನೆಯ ಗಳಿಗೆಯಲ್ಲಿ ಕೈಚೆಲ್ಲಿದ್ದರಿಂದ ಪೇಪರ್‌ಗಳ ವಿಮರ್ಶೆ ಮಾಡಿಸಿ ತೀರ್ಪಿಗೆ ಕಾರಣ ಬರೆಯುವ ಏರಿಯಾ ಚೇರ್ ಗುರುವಾರ ಸಂಜೆ ನನಗೆ ಬರೆದರು: ಭಾನುವಾರದೊಳಗೆ ಒಂದು ವಿಮರ್ಶೆ ಬೇಕಾಗಿತ್ತು, ಆಗುತ್ತದೆಯೇ?

ನಾನು ಕೋಲಾರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವನು. ಇಂಥ ತುರ್ತು ಕರೆಗಳು ವರ್ಷಕ್ಕೊಂದೆರಡು ಬರುತ್ತವೆ. ಈ ಒಂದನ್ನು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಪುಟ ಸಾಲದೆ ಬಿಟ್ಟದ್ದು ಯಾವುದು, ಕೆಲಸವನ್ನೇ ಮಾಡದೆ ಬಿಟ್ಟದ್ದು ಯಾವುದು ಎಂಬ ಪ್ರಶ್ನೆ ಇದರಲ್ಲಿ ಎದ್ದಷ್ಟು ನಿಚ್ಚಳವಾಗಿ ಬೇರೆಲ್ಲೂ ಎದ್ದಿರಲಿಲ್ಲ. ವಿಮರ್ಶೆಗೆ ಬಂದ ಪೇಪರ್ ಗೋಪ್ಯ. ಆದ್ದರಿಂದ ಅದರ ವಿಷಯವನ್ನು ಸ್ವಲ್ಪ ತಿರುಗಿಸಿದ್ದೇನೆ, ಅಂಕಿಗಳನ್ನು ಬದಲಿಸಿ ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ. ವಾದದ ಎಳೆಯನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಒಪ್ಪುವ ಮೊದಲು

ತುರ್ತು ವಿಮರ್ಶೆಗೆ ಒಪ್ಪಿಕೊಂಡು ಆಮೇಲೆ ಅರ್ಧ ಮನಸ್ಸಿನಿಂದ ಓದುವುದಕ್ಕಿಂತ ಬೇಡ ಎನ್ನುವುದು ವಾಸಿ. ಏರಿಯಾ ಚೇರ್‌ಗೆ ಅದೇ ದಿನ ಬಂದ ನಿರಾಕರಣೆಯಿಂದ ಉಪಯೋಗವಿದೆ. ಮೂರು ದಿನ ಸುಮ್ಮನಿದ್ದು ಬರುವ ನಾಲ್ಕು ಸಾಲಿನ ವಿಮರ್ಶೆಯಿಂದ ಯಾರಿಗೂ ಇಲ್ಲ. ಹಾಗಾಗಿ ಶೀರ್ಷಿಕೆ, ಸಾರಾಂಶ ಎರಡನ್ನೇ ಓದಿ ನೋಡಿದೆ. ವಿಷಯ ನನ್ನದೇ ಕ್ಷೇತ್ರದ್ದು. ನನ್ನ ಸಹಲೇಖಕರು ಅಥವಾ ನನ್ನ ಕಾಲೇಜಿನವರು ಬರೆದಿರಬಹುದೆಂಬ ಸುಳಿವು ಕಾಣಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಮನೆಯಲ್ಲಿ ಬಿಡುವಿತ್ತು.

ಗಡುವಿನಲ್ಲಿ ಒಂದು ಸಣ್ಣ ಅನುಕೂಲವೂ ಅಡಗಿತ್ತು. ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳು ಗಡುವಿನ ಮುಂದೆ ಸಾಮಾನ್ಯವಾಗಿ `AoE` ಎಂದು ಬರೆಯುತ್ತವೆ. ಭೂಮಿಯ ಮೇಲೆ ಎಲ್ಲಾದರೂ ಆ ದಿನ ಇನ್ನೂ ಮುಗಿಯದಿದ್ದರೆ ಗಡುವೂ ಮುಗಿದಿಲ್ಲ ಎಂದು ಅದರ ಅರ್ಥ. ಅದು ಲೆಕ್ಕಕ್ಕೆ ಹಿಡಿಯುವ ಕಾಲವಲಯ ನಮಗಿಂತ 17 ಗಂಟೆ 30 ನಿಮಿಷ ಹಿಂದಿದೆ. ಭಾನುವಾರ ರಾತ್ರಿ 11:59 ಎಂದರೆ ನಮಗೆ ಸೋಮವಾರ ಸಂಜೆ 5:29. ಎರಡು ಓದಿನ ನಡುವೆ ಒಂದು ರಾತ್ರಿ ನಿದ್ದೆ ಮಾಡುವುದಕ್ಕೆ ಇಷ್ಟು ಸಾಕಿತ್ತು. ಒಂದೇ ಸಲ ಕೂತು ಓದಿ, ಅದೇ ಬಿಸಿಯಲ್ಲಿ ಬರೆದ ವಿಮರ್ಶೆಗಳಲ್ಲಿ ನನ್ನ ಧ್ವನಿ ಯಾವಾಗಲೂ ಬೇಕಾದ್ದಕ್ಕಿಂತ ಒಂದು ಪಟ್ಟು ಖಾರವಾಗಿರುತ್ತದೆ.

ಪೇಪರ್ ಹೇಳಿದ್ದು

ಗಡಿ ಜಿಲ್ಲೆಯೊಂದರ ತರಕಾರಿ ಮಾರುಕಟ್ಟೆಗೆ ಫೋನ್ ಮಾಡಿ ಬೆಲೆ ಕೇಳುವವರ ಮಾತನ್ನು ಯಂತ್ರ ಬರಹಕ್ಕೆ ಇಳಿಸಬೇಕು, ಇದು ಸಮಸ್ಯೆ. ಜನ ಕನ್ನಡ ತೆಲುಗು ಎರಡನ್ನೂ ಬೆರೆಸಿ ಮಾತನಾಡುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: "ಇವತ್ತು ಬಾಕ್ಸ್ ಧರ ಎಂತ?" ಎನ್ನುವ ವಾಕ್ಯದಲ್ಲಿ ಯಾವ ಭಾಷೆ ಎಲ್ಲಿ ಮುಗಿಯಿತು ಎಂದು ಆಡಿದವರೂ ಯೋಚಿಸಿರುವುದಿಲ್ಲ, ಕೇಳಿದವರೂ ಯೋಚಿಸಿರುವುದಿಲ್ಲ.

ಲೇಖಕರು 40 ಜನರ ಧ್ವನಿ ಸಂಗ್ರಹಿಸಿದ್ದರು. ಒಬ್ಬೊಬ್ಬರಿಂದ ಸುಮಾರು 100ರಂತೆ ಒಟ್ಟು 4,000 ವಾಕ್ಯ, ಏಳು ಗಂಟೆಗಳ ಧ್ವನಿಮುದ್ರಣ. ಈಗಾಗಲೇ ಹಲವು ಭಾಷೆಗಳಲ್ಲಿ ತರಬೇತಾದ ದೊಡ್ಡ ಮಾದರಿಯೊಂದನ್ನು ಈ ಧ್ವನಿಯ ಮೇಲೆ ಇನ್ನಷ್ಟು ಪಳಗಿಸಿದರೆ ನೂರು ಪದಕ್ಕೆ 31.6 ತಪ್ಪು ಬರುತ್ತಿತ್ತು. ಇದು ಹೋಲಿಕೆಗಿಟ್ಟ ಮಾದರಿ. ಲೇಖಕರು ಅದಕ್ಕೆ ಒಂದು ಭಾಗ ಸೇರಿಸಿದ್ದರು: ಪ್ರತಿಯೊಬ್ಬ ಮಾತುಗಾರನಿಗೂ ಒಂದೊಂದು ಪುಟ್ಟ ವೆಕ್ಟರ್, ಎಂದರೆ 64 ಸಂಖ್ಯೆಗಳ ಒಂದು ಸಾಲು. ಯಾರು ಎಷ್ಟು ತೆಲುಗು ಬೆರೆಸುತ್ತಾರೆ, ಎಲ್ಲಿ ಬೆರೆಸುತ್ತಾರೆ ಎಂಬ ಅಭ್ಯಾಸವನ್ನು ತರಬೇತಿಯ ಹೊತ್ತಿನಲ್ಲಿ ಈ ಸಾಲು ಕಲಿಯುತ್ತದೆ. ಇದನ್ನು ಸೇರಿಸಿದ ಮೇಲೆ ತಪ್ಪು 24.1ಕ್ಕೆ ಇಳಿಯಿತು. ಸಾರಾಂಶದ ಕೊನೆಯ ವಾಕ್ಯ, ಕರೆ ಮಾಡುವ ಯಾರಿಗೇ ಆದರೂ ಈ ವಿಧಾನ ನೆರವಾಗುತ್ತದೆ ಎಂದಿತ್ತು.

ಏಳೂವರೆ ಅಂಶದ ಇಳಿಕೆ ದೊಡ್ಡದು. ಅಷ್ಟು ದೊಡ್ಡ ಇಳಿಕೆ ಕಂಡಾಗ ನಾನು ಪೀಠಿಕೆಯನ್ನು ಬದಿಗಿಟ್ಟು, ಯಾವುದರ ಮೇಲೆ ಪರೀಕ್ಷೆ ಮಾಡಿದರು ಎಂಬ ಭಾಗಕ್ಕೆ ನೇರವಾಗಿ ಹೋಗುತ್ತೇನೆ. ಸಮಯ ಕಡಿಮೆ ಇರುವಾಗ ಈ ಕ್ರಮ ಇನ್ನೂ ಮುಖ್ಯ. ಪೀಠಿಕೆಯಿಂದ ಶುರು ಮಾಡಿದರೆ ಲೇಖಕರ ಕಣ್ಣಿನಿಂದಲೇ ಕೋಷ್ಟಕವನ್ನು ನೋಡಲು ಕಲಿತುಬಿಡುತ್ತೇವೆ.

ಒಂದು ವಾಕ್ಯ, ಒಂದು ಲೆಕ್ಕ

ಮೂರನೆಯ ಪುಟದ ಎಡ ಅಂಕಣದಲ್ಲಿ ಒಂದೇ ವಾಕ್ಯವಿತ್ತು: ದತ್ತಾಂಶವನ್ನು ಯಾದೃಚ್ಛಿಕವಾಗಿ 80:10:10 ಪ್ರಮಾಣದಲ್ಲಿ ತರಬೇತಿ, ಹೊಂದಾಣಿಕೆ, ಪರೀಕ್ಷೆಗಳಿಗೆ ಹಂಚಲಾಗಿದೆ. ಹಂಚಿದ್ದು ವಾಕ್ಯಗಳನ್ನೋ, ಜನರನ್ನೋ? ಅದು ಹೇಳಿರಲಿಲ್ಲ.

ವಾಕ್ಯಗಳನ್ನು ಹಂಚಿದ್ದರೆ ಏನಾಗುತ್ತದೆ ಎಂದು ಕಾಗದದ ಮೇಲೇ ಲೆಕ್ಕ ಹಾಕಬಹುದು. ಒಬ್ಬನ 100 ವಾಕ್ಯಗಳಲ್ಲಿ ಪ್ರತಿಯೊಂದೂ ಪರೀಕ್ಷೆಯ ಪಾಲಿಗೆ ಬೀಳದಿರುವ ಸಾಧ್ಯತೆ 0.9. ನೂರಕ್ಕೆ ನೂರೂ ಬೀಳದಿರುವ ಸಾಧ್ಯತೆ 0.9ರ ನೂರನೆಯ ಘಾತ, ಎಂದರೆ ಲಕ್ಷಕ್ಕೆ ಮೂರಕ್ಕಿಂತ ಕಡಿಮೆ. ಹಾಗಾಗಿ 40 ಜನರೂ ಪರೀಕ್ಷೆಯಲ್ಲಿದ್ದಾರೆ, ಅದೇ 40 ಜನ ತರಬೇತಿಯಲ್ಲೂ ಇದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಪರೀಕ್ಷೆಯಲ್ಲಿ ಹೊಸ ದನಿ ಒಂದೂ ಇಲ್ಲ.

ಇಲ್ಲಿಗೆ ನಿಲ್ಲಿಸಿ "ಪರೀಕ್ಷಾ ದತ್ತಾಂಶ ಸೋರಿದೆ, ತಿರಸ್ಕರಿಸಿ" ಎಂದು ಬರೆಯುವವರಿದ್ದಾರೆ. ಅದು ಅವಸರದ ತೀರ್ಪು. ಸೋರಿಕೆ ಇದೆ ಎಂದಮಾತ್ರಕ್ಕೆ ಹೋಲಿಕೆ ಕೆಟ್ಟಿದೆ ಎಂದಾಗುವುದಿಲ್ಲ. ಎರಡೂ ಮಾದರಿಗಳು ಒಂದೇ ತರಬೇತಿ ಪಾಲಿನಲ್ಲಿ ಪಳಗಿ ಒಂದೇ ಪರೀಕ್ಷೆ ಬರೆದಿದ್ದರೆ, ಸೋರಿಕೆಯ ಲಾಭ ಎರಡಕ್ಕೂ ಸಿಕ್ಕಿರುತ್ತದೆ. ಆಗ ಎರಡೂ ಅಂಕಿಗಳು ನಿಜಕ್ಕಿಂತ ಚೆನ್ನಾಗಿ ಕಾಣುತ್ತವೆ, ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯಬಹುದು.

ಇದೇ ಪೇಪರಿನಲ್ಲಿ ಅಂಥ ಸೋರಿಕೆ ಇನ್ನೊಂದಿತ್ತು. 4,000 ವಾಕ್ಯಗಳಲ್ಲಿ ಬೇರೆ ಬೇರೆಯವು 900 ಮಾತ್ರ. ಒಂದೊಂದನ್ನೂ ನಾಲ್ಕೈದು ಜನ ಓದಿದ್ದರು. ಪರೀಕ್ಷೆಯ ವಾಕ್ಯ ಬೇರೊಬ್ಬರ ದನಿಯಲ್ಲಿ ತರಬೇತಿಯಲ್ಲೂ ಬಂದಿರುತ್ತದೆ. ಆದರೆ ಅದರ ಲಾಭ ಎರಡೂ ಮಾದರಿಗಳಿಗೆ ಒಂದೇ. ಅದನ್ನು ಒಂದು ಸಾಲಿನಲ್ಲಿ ಮಿತಿಯೆಂದು ಹೇಳಿಕೊಳ್ಳಿ ಎಂದು ಬರೆದು ಮುಂದಕ್ಕೆ ಹೋದೆ.

ಧ್ವನಿ ಕೊಟ್ಟವರ ಸೋರಿಕೆ ಹಾಗಲ್ಲ. ಲೇಖಕರು ಸೇರಿಸಿದ ಹೊಸ ಭಾಗವೇ ಮಾತುಗಾರನ ವೆಕ್ಟರ್. ಗುರುತಿನ ಜನ ಪರೀಕ್ಷೆಗೆ ಬಂದಾಗ ಲಾಭವಾಗುವುದು ಅದಕ್ಕೇ, ಹೋಲಿಕೆಯ ಮಾದರಿಗೆ ಅದರಲ್ಲಿ ಪಾಲಿಲ್ಲ. ಇನ್ನು ಮಾರುಕಟ್ಟೆಗೆ ಮೊದಲ ಸಲ ಕರೆ ಮಾಡುವ ರೈತನಿಗೆ ವೆಕ್ಟರೇ ಇರುವುದಿಲ್ಲ. ಆಗ ಏನು ಮಾಡುತ್ತಾರೆ ಎಂದು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಸೋರಿಕೆ ಪೇಪರಿನ ಮುಖ್ಯ ಪ್ರತಿಪಾದನೆಯ ನೆತ್ತಿಗೇ ಹೊಡೆಯುತ್ತಿತ್ತು.

ಜಾಗವಿಲ್ಲದೆ ಬಿಟ್ಟದ್ದೇ?

ಲೇಖಕರ ಪರವಾಗಿ ಹೇಳಬಹುದಾದದ್ದನ್ನೂ ನಾನೇ ಹೇಳಿಕೊಳ್ಳಬೇಕಿತ್ತು, ಏಕೆಂದರೆ ಆ ಹೊತ್ತಿನಲ್ಲಿ ಅವರು ಎದುರಿಗೆ ಇಲ್ಲ. ನಾಲ್ಕು ಪುಟಕ್ಕೆ ಇಳಿಸುವಾಗ ಎಲ್ಲರೂ ಕತ್ತರಿ ಹಾಕುತ್ತಾರೆ. ಅವರು ಜನರನ್ನೇ ಬೇರ್ಪಡಿಸಿ ಹಂಚಿರಬಹುದು, ಆ ಮಾತನ್ನು ಕೊನೆಯ ರಾತ್ರಿ ಅಳಿಸಿರಬಹುದು. ಆದರೆ ಹಾಗಾಗಿದ್ದರೆ ಪರೀಕ್ಷೆಯ ಜನರಿಗೆ ವೆಕ್ಟರ್ ಎಲ್ಲಿಂದ ಬಂತು ಎಂಬ ವಿವರಣೆ ಬೇಕೇ ಬೇಕಾಗುತ್ತಿತ್ತು. ಅದೂ ಇರಲಿಲ್ಲ. ನನ್ನ ಅನುಮಾನ ಒಂದು ಕಡೆಗೆ ವಾಲಿತ್ತು, ಖಚಿತವಾಗಿರಲಿಲ್ಲ.

ಇಂಥ ಕಡೆ ನಾನು ಪಾಲಿಸುವ ಒಂದು ಪದ್ಧತಿಯಿದೆ. ಪೇಪರಿನಲ್ಲಿ ಇಲ್ಲ ಎಂದು ದೂರುವ ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ, ಅದನ್ನು ಹೇಳಲು ಎಷ್ಟು ಸಾಲು ಬೇಕು ಎಂದು ಬರೆದುಕೊಳ್ಳುತ್ತೇನೆ. ಆ ಸಾಲುಗಳಿಗಾಗಿ ಯಾವುದನ್ನು ತೆಗೆಯಬಹುದು ಎಂದೂ ಗುರುತಿಸುತ್ತೇನೆ. ಜಾಗ ಕೇಳುವವನು ಜಾಗ ತೋರಿಸಲೂಬೇಕು. ತೋರಿಸಲಾಗದಿದ್ದರೆ ಆ ದೂರನ್ನು ಹೊಡೆದುಹಾಕುತ್ತೇನೆ, ಅಥವಾ ಅದಕ್ಕೆ ಅಂಕದ ಮೇಲೆ ಪ್ರಭಾವವಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

"ಪರೀಕ್ಷೆಗೆ ಧ್ವನಿ ಕೊಟ್ಟವರು ತರಬೇತಿಯಲ್ಲಿಲ್ಲ" ಎನ್ನಲು ಅರ್ಧ ಸಾಲು ಸಾಕು. ಹೊಸ ಕರೆಗಾರನಿಗೆ ಏನು ಮಾಡುತ್ತೇವೆ ಎನ್ನಲು ಎರಡು ಸಾಲು. ಎರಡನೆಯ ಪುಟದ ತಲೆಯ ಮೇಲೆ ಎರಡು ಅಂಕಣ ಅಗಲದ ಒಂದು ಚಿತ್ರವಿತ್ತು. ಅದರ ಎಡಭಾಗ ಎಲ್ಲರಿಗೂ ಗೊತ್ತಿರುವ ಮೂಲ ಮಾದರಿಯ ಪೆಟ್ಟಿಗೆಗಳು, ಬಾಣಗಳು. ಲೇಖಕರು ಹೊಸದಾಗಿ ಸೇರಿಸಿದ್ದು ಬಲಮೂಲೆಯ ಒಂದು ಪೆಟ್ಟಿಗೆ ಮಾತ್ರ. ಚಿತ್ರವನ್ನು ಒಂದು ಅಂಕಣಕ್ಕೆ ಇಳಿಸಿದರೆ ಹತ್ತು ಹನ್ನೆರಡು ಸಾಲು ಸಲೀಸಾಗಿ ಸಿಗುತ್ತಿತ್ತು. ಪುಟಮಿತಿ ಇಲ್ಲಿ ನೆಪವಾಗಲಾರದು. ಆದರೆ ಜಾಗವಿದ್ದೂ ಬರೆಯಲಿಲ್ಲ ಎನ್ನುವುದು ಮರೆವಿನ ಸಾಕ್ಷ್ಯವೂ ಆಗಬಹುದು, ಮಾಡದಿದ್ದುದರ ಸಾಕ್ಷ್ಯವೂ ಆಗಬಹುದು. ಆದ್ದರಿಂದ ಅದನ್ನು ಆರೋಪವಾಗಿ ಬರೆಯದೆ ಪ್ರಶ್ನೆಯಾಗಿ ಬರೆಯಬೇಕಿತ್ತು.

ಕೇಳದೆ ಬಿಟ್ಟದ್ದು

ಹೊಡೆದುಹಾಕಿದ ದೂರುಗಳೂ ಕೆಲವಿದ್ದವು. ಬೇರೆ ಭಾಷಾಜೋಡಿಗಳ ಮೇಲೂ ಪ್ರಯೋಗ ಬೇಕಿತ್ತು ಎಂದು ಮೊದಲ ಓದಿನಲ್ಲಿ ಅಂಚಿನಲ್ಲಿ ಗೀಚಿದ್ದೆ. ಅದಕ್ಕೆ ಕನಿಷ್ಠ ಒಂದು ಪುಟ ಬೇಕು, ಜೊತೆಗೆ ತಿಂಗಳುಗಟ್ಟಲೆ ಕೆಲಸ. ಲೇಖಕರು ಒಂದು ಜೋಡಿಯ ಬಗ್ಗೆ ಮಾತ್ರ ಮಾತನಾಡಿದ್ದರು, ಅದಕ್ಕಿಂತ ಹೆಚ್ಚಿನದನ್ನು ಪ್ರತಿಪಾದಿಸಿರಲಿಲ್ಲ. ತರಬೇತಿಯ ಎಲ್ಲ ನಿಯತಾಂಕಗಳ ಪಟ್ಟಿಯೂ ಇರಲಿಲ್ಲ. ಕೋಡ್ ಬಿಡುಗಡೆ ಮಾಡುತ್ತೇವೆ ಎಂದಿದ್ದರಿಂದ ಅದನ್ನೂ ಬಿಟ್ಟೆ.

ಅಳತೆಯ ಬಗ್ಗೆ ಒಂದು ಸಂಗತಿಯನ್ನು ಬಿಡಲು ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಪದಗಳನ್ನು ಲೆಕ್ಕ ಹಾಕಿ ತಪ್ಪು ಎಣಿಸುವುದು ಸ್ವಲ್ಪ ಕ್ರೂರ. ಮೂಲ ಬರಹದಲ್ಲಿ "ಬಂದು ಬಿಟ್ಟಿದೆ" ಎಂದು ಬಿಡಿಸಿ ಬರೆದಿದ್ದು, ಯಂತ್ರ "ಬಂದುಬಿಟ್ಟಿದೆ" ಎಂದು ಕೂಡಿಸಿ ಬರೆದರೆ ಎರಡು ಪದಕ್ಕೆ ಎರಡು ತಪ್ಪು: ಒಂದು ಪದ ಬದಲಾಯಿತು, ಒಂದು ಕಳೆದುಹೋಯಿತು. ಕೇಳಿಸಿಕೊಂಡದ್ದರಲ್ಲಿ ಒಂದೂ ತಪ್ಪಿಲ್ಲ. ಅಕ್ಷರಗಳ ಮಟ್ಟದಲ್ಲಿ ತಪ್ಪು ಎಣಿಸಿದ ಇನ್ನೊಂದು ಕಂಬಸಾಲನ್ನು ಕೋಷ್ಟಕಕ್ಕೆ ಸೇರಿಸಿದರೆ ಇದು ಬಯಲಾಗುತ್ತದೆ. ಹೆಚ್ಚು ಜಾಗ ಬೇಡ, ಮರುತರಬೇತಿಯೂ ಬೇಡ. ಸಲಹೆಯೆಂದು ಬರೆದೆ. ಎರಡೂ ಮಾದರಿಗಳಿಗೆ ಈ ಪೆಟ್ಟು ಬೀಳುವುದರಿಂದ ಅಂಕಕ್ಕೆ ಇದನ್ನು ಸೇರಿಸಿಕೊಳ್ಳಲಿಲ್ಲ.

ಊರಿನ ಸೆಳೆತ

ಲೇಖಕರ ಹೆಸರು ನನಗೆ ಕಾಣುತ್ತಿರಲಿಲ್ಲ, ನನ್ನದು ಅವರಿಗೆ ಕಾಣುತ್ತಿರಲಿಲ್ಲ. ಆದರೂ ಕನ್ನಡ ತೆಲುಗು ಬೆರೆತ ಗಡಿ ಜಿಲ್ಲೆ, ಟೊಮ್ಯಾಟೊ, 15 ಕಿಲೋ ಬಾಕ್ಸ್ ಎಂದು ಓದಿದಾಗ ಕೋಲಾರದಲ್ಲಿ ಕುಳಿತವನಿಗೆ ಬೇರೆ ಯಾವ ಊರು ನೆನಪಾಗಬೇಕು? ಯಾರಿರಬಹುದು ಎಂಬ ಊಹೆಯೂ ಹಿಂದೆಯೇ ಬಂತು. ಶೀರ್ಷಿಕೆಯನ್ನು ಹುಡುಕುಪೆಟ್ಟಿಗೆಗೆ ಹಾಕಿ ನೋಡುವ ಚಪಲ ಇಂಥ ಹೊತ್ತಿನಲ್ಲೇ ಬರುವುದು. ಹಾಕಲಿಲ್ಲ. ಊಹೆ ಸರಿಯಿರಲಿ ತಪ್ಪಿರಲಿ, ನನಗೂ ಅವರಿಗೂ ಸಹಲೇಖನವಾಗಲಿ ಹಣದ ಸಂಬಂಧವಾಗಲಿ ಇರಲಿಲ್ಲ. ಇದ್ದಿದ್ದರೆ ಏರಿಯಾ ಚೇರ್‌ಗೆ ಹೇಳಿ ಹಿಂದೆ ಸರಿಯಬೇಕಾಗುತ್ತಿತ್ತು.

ನಿಜವಾದ ಅಪಾಯ ಬೇರೆಯದೇ ಆಗಿತ್ತು. ನಮ್ಮ ಕಡೆಯ ಮಾತಿನ ಮೇಲೆ ಯಾರೋ ಕೆಲಸ ಮಾಡಿದ್ದಾರೆ ಎಂಬ ಹಿಗ್ಗಿನಲ್ಲಿ ಕೈ ಸಡಿಲವಾಗಬಹುದು. ನನಗೆ ಗೊತ್ತಿರುವ ಊರೆಂದು ಬೇರೆಯವರು ಕಾಣದ ಕೊಂಕುಗಳನ್ನು ಎಣಿಸುತ್ತಲೂ ಕೂರಬಹುದು. ಇದನ್ನು ಒರೆಗೆ ಹಚ್ಚಲು ಒಂದು ಉಪಾಯ ಮಾಡಿದೆ: ಇದೇ ಪೇಪರ್ ನನಗೆ ಏನೇನೂ ಗೊತ್ತಿಲ್ಲದ ಎರಡು ಭಾಷೆಗಳ ಬಗ್ಗೆ ಇದ್ದಿದ್ದರೆ ಈ ಟಿಪ್ಪಣಿ ಬರೆಯುತ್ತಿದ್ದೆನೇ ಎಂದು ಒಂದೊಂದಕ್ಕೂ ಕೇಳಿಕೊಂಡೆ. ಸ್ಥಳೀಯ ಉಚ್ಚಾರದ ಬಗ್ಗೆ ಬರೆದಿದ್ದ ಎರಡು ಟಿಪ್ಪಣಿಗಳು ಹಾಗೆಯೇ ಬಿದ್ದುಹೋದವು. ಸೋರಿಕೆಯ ಪ್ರಶ್ನೆ ಕದಲಲಿಲ್ಲ.

ಏನು ಕೇಳಬೇಕು, ಎಷ್ಟು ಕೇಳಬೇಕು

ಈಗ ಕೇಳಬೇಕಾದದ್ದನ್ನು ಲೇಖಕರು ಉತ್ತರಿಸಬಲ್ಲ ಅಳತೆಗೆ ಇಳಿಸಬೇಕಿತ್ತು. ಸರಿಯಾದ ಪರೀಕ್ಷೆ ಯಾವುದೆಂದು ಗೊತ್ತು: ಜನರನ್ನು ಐದು ಗುಂಪು ಮಾಡಿ, ಪ್ರತಿ ಸಲ ಒಂದು ಗುಂಪಿನ ಎಂಟು ಜನರನ್ನು ಪೂರ್ತಿಯಾಗಿ ಹೊರಗಿಟ್ಟು ತರಬೇತಿ ಮಾಡಬೇಕು, ಹೊರಗಿಟ್ಟವರ ಮೇಲೆ ಪರೀಕ್ಷಿಸಬೇಕು. ಹಂಚಿಕೆಯ ಕೋಡ್ ಇಷ್ಟೇ:

```python
from sklearn.model_selection import GroupKFold

gkf = GroupKFold(n_splits=5)
for train_idx, test_idx in gkf.split(utts, groups=speakers):
    ...
```

ಕೋಡ್ ಚಿಕ್ಕದಾದರೂ ಅದರ ಹಿಂದೆ ಎರಡೂ ಮಾದರಿಗಳಿಗೆ ಐದೈದು ತರಬೇತಿಗಳಿವೆ. ಲೇಖಕರ ಉತ್ತರಕ್ಕೆ ಸಮ್ಮೇಳನ ಕೊಟ್ಟಿದ್ದು ಒಂದು ವಾರ, ಒಂದು ಪುಟ. ಆ ವಾರದಲ್ಲಿ ಹೊಸ ಪ್ರಯೋಗಗಳನ್ನು ಒತ್ತಾಯಿಸಿದರೆ, ಹೆಚ್ಚು ಯಂತ್ರಗಳಿರುವ ಪ್ರಯೋಗಾಲಯದವರು ಮಾತ್ರ ಉತ್ತರ ಕೊಡಬಲ್ಲವರಾಗುತ್ತಾರೆ. ಕಂಪ್ಯೂಟರ್ ದೃಷ್ಟಿಯ ದೊಡ್ಡ ಸಮ್ಮೇಳನವಾದ ಸಿವಿಪಿಆರ್‌ನಲ್ಲಿ ಇದಕ್ಕೆ ನಿಯಮವೇ ಇದೆ: ಉತ್ತರದ ಹಂತಕ್ಕಾಗಿ ಗಣನೀಯ ಹೊಸ ಪ್ರಯೋಗಗಳನ್ನು ವಿಮರ್ಶಕರು ಕೇಳಬಾರದು ಎಂದು 2018ರಲ್ಲಿ ನಿರ್ಣಯವಾಯಿತು. ನಾನು ವಿಮರ್ಶಿಸುತ್ತಿದ್ದ ಸಮ್ಮೇಳನದಲ್ಲಿ ಹಾಗೆ ಬರೆದಿರಲಿಲ್ಲ, ಆದರೂ ಆ ನಿರ್ಣಯದ ಹಿಂದಿನ ವಿವೇಕ ನನಗೆ ಒಪ್ಪಿಗೆ.

ಮರುತರಬೇತಿ ಇಲ್ಲದೆ ತಿಳಿದುಕೊಳ್ಳುವ ದಾರಿ ಇದೆಯೇ ಎಂದು ಯೋಚಿಸುತ್ತಲೇ ಮಲಗಿದ್ದು. ಭಾನುವಾರ ಬೆಳಿಗ್ಗೆ ಅದು ಹೊಳೆಯಿತು. ತರಬೇತಾದ ಮಾದರಿ ಅವರ ಕೈಯಲ್ಲಿದೆ. 40 ವೆಕ್ಟರ್‌ಗಳ ಸರಾಸರಿ ತೆಗೆದು, ಪರೀಕ್ಷೆಯ ಪ್ರತಿ ವಾಕ್ಯಕ್ಕೂ ಅವರವರ ವೆಕ್ಟರ್ ಬದಲು ಆ ಒಂದೇ ಸರಾಸರಿಯನ್ನು ಕೊಟ್ಟು ಇನ್ನೊಮ್ಮೆ ಓಡಿಸಿದರಾಯಿತು. ಪರೀಕ್ಷೆಯ 400 ವಾಕ್ಯಗಳು ಮುಕ್ಕಾಲು ಗಂಟೆಗಿಂತ ಕಡಿಮೆ ಧ್ವನಿ. ಇದು ದೊಡ್ಡ ಕೆಲಸವಲ್ಲ. ತಪ್ಪು 24ರ ಹತ್ತಿರವೇ ಉಳಿದರೆ ಲಾಭ ಎಲ್ಲರಿಗೂ ಅನ್ವಯಿಸುವ ಕಲಿಕೆಯಿಂದ ಬಂದದ್ದು, 31ರ ಕಡೆಗೆ ಏರಿದರೆ ಜನರನ್ನು ನೆನಪಿಟ್ಟುಕೊಂಡದ್ದರಿಂದ ಬಂದದ್ದು.

ಈ ಪರೀಕ್ಷೆಯೂ ಪೂರ್ತಿ ನ್ಯಾಯದ್ದಲ್ಲ. ತರಬೇತಿಯಲ್ಲಿ ಎಂದೂ ಕಾಣದ ಸರಾಸರಿ ವೆಕ್ಟರ್ ಎದುರಾದಾಗ ಮಾದರಿ ಸ್ವಲ್ಪ ತಬ್ಬಿಬ್ಬಾಗುತ್ತದೆ, ತಪ್ಪು ನಿಜಕ್ಕಿಂತ ಹೆಚ್ಚು ಕಾಣಬಹುದು. ಇನ್ನೊಂದು ಕಡೆ, ಮಾದರಿಯ ಉಳಿದ ಭಾಗ ಆ ಜನರ ದನಿಯನ್ನು ಕೇಳಿಯೇ ಇದೆ, ಅದು ಲೇಖಕರ ಪರ. ಇವೆರಡನ್ನೂ ವಿಮರ್ಶೆಯಲ್ಲಿ ಹೇಳಿದೆ, ಅಂಕ ಏರಿಸುವ ಗೆರೆಯನ್ನು ಸಡಿಲವಾಗಿಯೇ ಎಳೆದೆ.

ವಿಮರ್ಶೆಯ ಆ ಭಾಗವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಹಂಚಿಕೆ ವಾಕ್ಯಗಳ ಮಟ್ಟದಲ್ಲಿ ನಡೆದಿದೆಯೋ ಮಾತುಗಾರರ ಮಟ್ಟದಲ್ಲಿ ನಡೆದಿದೆಯೋ ಪೇಪರಿನಿಂದ ತಿಳಿಯುವುದಿಲ್ಲ. ವಾಕ್ಯಗಳ ಮಟ್ಟದಲ್ಲಿ ನಡೆದಿದ್ದರೆ ಎರಡನೆಯ ಕೋಷ್ಟಕದ ಅಂತರ ಹೊಸ ಕರೆಗಾರರಿಗೆ ಅನ್ವಯಿಸುವುದಿಲ್ಲ ಎಂಬುದು ನನ್ನ ಆತಂಕ. ಮಾತುಗಾರರು ಬೇರೆ ಬೇರೆಯಾಗಿದ್ದರೆ, ಅವರಿಗೆ ವೆಕ್ಟರ್ ಹೇಗೆ ಸಿಕ್ಕಿತೆಂದು ತಿಳಿಸಿ. ಅಂಕವನ್ನು 4ರಿಂದ 7ಕ್ಕೆ ಏರಿಸುತ್ತೇನೆ. ಒಂದೇ ಆಗಿದ್ದರೆ, ಸರಾಸರಿ ವೆಕ್ಟರ್‌ನೊಂದಿಗಿನ ಫಲಿತಾಂಶ ಕೊಡಿ. ಗಳಿಕೆಯ ಅರ್ಧ ಉಳಿದರೂ, ಎಂದರೆ ತಪ್ಪು 27.8ರ ಆಸುಪಾಸಿನಲ್ಲಿ ನಿಂತರೂ, 6ಕ್ಕೆ ಏರಿಸುತ್ತೇನೆ. ಇಲ್ಲವಾದರೆ ಅಂಕ ಬದಲಾಗುವುದಿಲ್ಲ."

ಅಂಕ ಹತ್ತಕ್ಕೆ. ಏರಿಕೆಯ ಷರತ್ತನ್ನು ಮುಂಚೆಯೇ ಬರೆದಿಡುವುದು ಲೇಖಕರಿಗೆ ಮಾಡುವ ಉಪಕಾರ ಎಂದು ಹಲವರು ತಿಳಿದಿದ್ದಾರೆ. ನನಗೆ ಅದು ನನ್ನನ್ನೇ ಕಟ್ಟಿಹಾಕುವ ಹಗ್ಗ. ಉತ್ತರ ಬಂದ ಮೇಲೆ ಮನಸ್ಸು ಬಂದ ಕಡೆಗೆ ಗೆರೆಯನ್ನು ಸರಿಸಲು ಆಗುವುದಿಲ್ಲ. ಅಂಕಗಳು ಎಷ್ಟು ಅದೃಷ್ಟದ ಮೇಲೆ ನಿಂತಿವೆ ಎಂಬುದಕ್ಕೆ ಪುರಾವೆಯೂ ಇದೆ. 2014ರಲ್ಲಿ ಯಂತ್ರಕಲಿಕೆಯ ಪ್ರಮುಖ ಸಮ್ಮೇಳನವಾದ ನ್ಯೂರಿಪ್ಸ್ (ಆಗ ಅದರ ಸಂಕ್ಷಿಪ್ತ ಹೆಸರು ಬೇರೆಯಿತ್ತು) 166 ಪೇಪರ್‌ಗಳನ್ನು ಎರಡು ಸ್ವತಂತ್ರ ಸಮಿತಿಗಳಿಗೆ ಕೊಟ್ಟು ನೋಡಿತು. 43ರಲ್ಲಿ ತೀರ್ಪು ಬೇರೆ ಬೇರೆಯಾಯಿತು. ಅಂಥ ವ್ಯವಸ್ಥೆಯಲ್ಲಿ ನನ್ನ 4 ಎಂಬ ಅಂಕಿಗಿಂತ, 4 ಯಾವಾಗ 6 ಆಗುತ್ತದೆ ಎಂಬ ವಾಕ್ಯ ಏರಿಯಾ ಚೇರ್‌ಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಏರಿಯಾ ಚೇರ್ ಮಾತ್ರ ಓದುವ ಗೋಪ್ಯ ಟಿಪ್ಪಣಿಯ ಪೆಟ್ಟಿಗೆಯಲ್ಲಿ ಒಂದೇ ಮಾತು ಬರೆದೆ: ದತ್ತಾಂಶ ಬಂದ ಪ್ರದೇಶ ನನಗೆ ಪರಿಚಿತ, ಲೇಖಕರು ಯಾರೆಂದು ಹುಡುಕಿಲ್ಲ. ಪೇಪರಿನ ದೋಷಗಳನ್ನು ಆ ಪೆಟ್ಟಿಗೆಯಲ್ಲಿ ಬರೆಯುವ ಅಭ್ಯಾಸ ಕೆಲವರಿಗಿದೆ. ಲೇಖಕರಿಗೆ ಕಾಣದ, ಅವರು ಉತ್ತರಿಸಲಾಗದ ಆರೋಪದ ಮೇಲೆ ತೀರ್ಪು ನಿಲ್ಲುವುದು ಯಾವ ನ್ಯಾಯ?

ಉತ್ತರ ಬಂದ ಮೇಲೆ

ಉಳಿದ ಎರಡು ವಿಮರ್ಶೆಗಳು ನನಗೆ ಕಂಡದ್ದು ನನ್ನದನ್ನು ಸಲ್ಲಿಸಿದ ಮೇಲೆ. ಒಬ್ಬರು 3 ಕೊಟ್ಟು, ಹೊಸತನ ಕಡಿಮೆ, ದತ್ತಾಂಶ ಚಿಕ್ಕದು, ಇನ್ನಷ್ಟು ಭಾಷೆಗಳು ಬೇಕು ಎಂದಿದ್ದರು. ಯಾವ ಹಿಂದಿನ ಕೆಲಸದ ಎದುರು ಹೊಸತನ ಕಡಿಮೆ ಎಂದು ಹೆಸರಿಸಿರಲಿಲ್ಲ. ಇನ್ನೊಬ್ಬರು 8 ಕೊಟ್ಟು, ಅಂತರ ದೊಡ್ಡದು, ಸಮಸ್ಯೆ ಮುಖ್ಯ ಎಂದು ಮೂರು ವಾಕ್ಯ ಬರೆದಿದ್ದರು. ಮೊದಲನೆಯವರಿಗೆ ಉತ್ತರ ಕೊಡುವುದು ಹೇಗೆಂದು ಲೇಖಕರು ತಲೆ ಚಚ್ಚಿಕೊಂಡಿರಬೇಕು, ಎರಡನೆಯವರಿಗೆ ಧನ್ಯವಾದ ಹೇಳುವುದಷ್ಟೇ ಉಳಿದಿತ್ತು.

ಲೇಖಕರ ಉತ್ತರ ಚೊಕ್ಕವಾಗಿತ್ತು. ಹಂಚಿಕೆ ವಾಕ್ಯಗಳ ಮಟ್ಟದಲ್ಲೇ ನಡೆದಿತ್ತು, ಮಾತುಗಾರರು ಎರಡೂ ಕಡೆ ಇದ್ದಾರೆ ಎಂದು ಸುತ್ತಿಬಳಸದೆ ಒಪ್ಪಿಕೊಂಡಿದ್ದರು. ಸರಾಸರಿ ವೆಕ್ಟರ್ ಕೊಟ್ಟಾಗ ತಪ್ಪು 29.8. ಪರೀಕ್ಷೆಯಲ್ಲಿ ಇದ್ದದ್ದು ಸುಮಾರು 4,000 ಪದ. ಮೊದಲಿನ ಕೋಷ್ಟಕದ ಪ್ರಕಾರ ಹೊಸ ಮಾದರಿ 300 ಪದಗಳನ್ನು ಹೆಚ್ಚಾಗಿ ಸರಿ ಬರೆದಿತ್ತು. ಈಗ ಉಳಿದದ್ದು 72 ಪದ, 40 ಜನರಿಗೆ ಹಂಚಿದರೆ ತಲೆಗೆ ಎರಡೂ ಇಲ್ಲ. ಅಷ್ಟು ಸಣ್ಣ ಅಂತರ ಬೇರೊಂದು ಯಾದೃಚ್ಛಿಕ ಆರಂಭಸಂಖ್ಯೆಯಿಂದ ತರಬೇತಿ ಶುರು ಮಾಡಿದರೆ ಮಾಯವಾಗಲೂಬಹುದು.

ಜೊತೆಗೆ ಅವರು ಇನ್ನೊಂದು ಮಾತು ಸೇರಿಸಿದ್ದರು. ಮಾರುಕಟ್ಟೆಗೆ ದಿನವೂ ಕರೆ ಮಾಡುವವರು ಬಹುಪಾಲು ಅದೇ ಮಂಡಿಯವರು, ಅದೇ ದಲ್ಲಾಳಿಗಳು. ಗುರುತಿನ ಜನರಿಗೆ ಏಳೂವರೆ ಅಂಶದ ಲಾಭ ನಿಜವಾದ ಲಾಭವೇ. ಪ್ರತಿಪಾದನೆಯನ್ನು ಅಷ್ಟಕ್ಕೇ ಸೀಮಿತಗೊಳಿಸಿ ಬರೆಯುತ್ತೇವೆ ಎಂದರು.

ಚರ್ಚೆಯ ಹಂತದಲ್ಲಿ ಕಷ್ಟವಾದದ್ದು ಇದೇ. ಅವರ ಮಾತು ತರ್ಕಬದ್ಧ, ಕೋಲಾರದ ಮಂಡಿಯನ್ನು ಬಲ್ಲವನಿಗೆ ನಂಬುವಂಥದ್ದೂ ಹೌದು. ಆದರೆ ಹಾಗೆ ಬರೆದರೆ ಶೀರ್ಷಿಕೆ ಬದಲಾಗಬೇಕು, ಸಾರಾಂಶ ಬದಲಾಗಬೇಕು, ಮುಖ್ಯ ಕೋಷ್ಟಕದ ಅರ್ಥ ಬದಲಾಗಬೇಕು. ಹೋಲಿಕೆಯೂ ಬದಲಾಗಬೇಕು: ಮಾತುಗಾರ ಯಾರೆಂದು ಮೊದಲೇ ಗೊತ್ತಿದ್ದರೆ, ಒಬ್ಬೊಬ್ಬರಿಗೂ ಮಾದರಿಯನ್ನು ಹೊಂದಿಸಿಕೊಳ್ಳುವ ಹಳೆಯ ವಿಧಾನಗಳು ಬೇಕಾದಷ್ಟಿವೆ, ಅವುಗಳ ಎದುರು ಇದನ್ನು ನಿಲ್ಲಿಸಿ ನೋಡಬೇಕು. ಅಂತಿಮ ಪ್ರತಿಗೂ ಅದೇ ನಾಲ್ಕು ಪುಟ. ಹಾಗೆ ಬದಲಾದ ಪೇಪರನ್ನು ಓದಿ ವಿಮರ್ಶಿಸಿದವರು ಯಾರೂ ಇರುವುದಿಲ್ಲ. ಅಂಕವನ್ನು 4ರಲ್ಲೇ ಉಳಿಸಿದೆ. ಕಾರಣವನ್ನೂ ಬರೆದೆ, ಅದರಲ್ಲಿ ಎರಡು ಸಂಗತಿ ಒತ್ತಿ ಹೇಳಿದೆ: ಇನ್ನಷ್ಟು ಭಾಷೆಗಳು ಬೇಕು ಎಂಬ ಆಕ್ಷೇಪವನ್ನು ತಿರಸ್ಕಾರಕ್ಕೆ ಕಾರಣ ಮಾಡಬಾರದು, ಲೇಖಕರು ಪ್ರಾಮಾಣಿಕವಾಗಿ ಕೊಟ್ಟ 29.8 ಅನ್ನು ಅವರ ಅಜಾಗರೂಕತೆಯ ಸಾಕ್ಷಿಯಂತೆ ಏರಿಯಾ ಚೇರ್ ಬರೆಯುವ ಸಾರಾಂಶ ವಿಮರ್ಶೆಯಲ್ಲಿ ಬಳಸಬಾರದು.

8 ಕೊಟ್ಟವರು 5ಕ್ಕೆ ಇಳಿದರು. 3 ಕೊಟ್ಟವರು ಚರ್ಚೆಗೇ ಬರಲಿಲ್ಲ. ಪೇಪರ್ ತಿರಸ್ಕೃತವಾಯಿತು. ಏರಿಯಾ ಚೇರ್ ಕೊಟ್ಟ ಕಾರಣದಲ್ಲಿ ಮಾತುಗಾರರ ಹಂಚಿಕೆ ಒಂದೇ ಇತ್ತು, ಭಾಷೆಗಳ ಸಂಖ್ಯೆಯ ಮಾತು ಇರಲಿಲ್ಲ.

ಎಲ್ಲ ಮುಗಿದು ತಿಂಗಳುಗಳಾದ ಮೇಲೆ, ಪೇಪರ್ ಯಾವುದೆಂದು ಹೇಳದೆ ವಾದವನ್ನಷ್ಟೇ ವಿಭಾಗದ ಸಹೋದ್ಯೋಗಿಯೊಬ್ಬರ ಮುಂದಿಟ್ಟೆ. ಅವರು ಒಪ್ಪಲಿಲ್ಲ. "ಸರ್, ಆ ಏಳು ಗಂಟೆಯ ಧ್ವನಿಯೇ ಒಂದು ಕೊಡುಗೆಯಲ್ಲವೇ? ಅದಕ್ಕಾಗಿಯಾದರೂ ಒಳಗೆ ಬಿಡಬಹುದಿತ್ತು" ಎಂದರು. "ಮೇಡಂ, ಧ್ವನಿಯನ್ನೇ ಕೊಡುಗೆಯೆಂದು ಕೊಟ್ಟಿದ್ದರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದೆ" ಎಂದೆ: ಯಾರ ಒಪ್ಪಿಗೆ ಹೇಗೆ ಪಡೆದರು, ಯಾವ ಪರವಾನಗಿಯಲ್ಲಿ ಬಿಡುಗಡೆ ಮಾಡುತ್ತಾರೆ, ತೆಲುಗು ಪದಗಳನ್ನು ಯಾವ ಲಿಪಿಯಲ್ಲಿ ಬರೆದರು, ಇಬ್ಬರು ಬೇರೆ ಬೇರೆಯಾಗಿ ಬರೆದುಕೊಂಡರೆ ಎಷ್ಟು ಹೊಂದುತ್ತದೆ. ನಾಲ್ಕು ಪುಟಗಳಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ, ಇರಬೇಕೆಂದು ಆ ಪೇಪರ್ ಹೇಳಿಕೊಂಡೂ ಇರಲಿಲ್ಲ. ಅವರು ಇನ್ನೂ ಒಪ್ಪಿಲ್ಲ.